ಮಲ್ಲಿಗೆ ಬಾಕಿ ಮರೆಯದಿರಲು ಒಂದು ಹಂಚಿಕೆ ಲೆಕ್ಕ

ಇನ್ನಂಜೆ, ಕುರ್ಕಾಲು, ಶಿರ್ವ ಕಡೆಯ ಮಲ್ಲಿಗೆ ಬೆಳೆಗಾರರಿಗೆ ದುಡ್ಡಿನ ಲೆಕ್ಕ ದಿನವೂ ಉಂಟು. ಶಂಕರಪುರದಲ್ಲಿ ದರ ನಿಂತಲ್ಲಿ ನಿಲ್ಲುವುದಿಲ್ಲ. ನಿನ್ನೆಯ ದರ ಇವತ್ತಿಗಿಲ್ಲ. ಹೂ ಕೂಡ ಹಾಗೆಯೇ, ನಿನ್ನೆ ಎರಡು ಅಟ್ಟೆ ಆದ ಗಿಡದಲ್ಲಿ ಇವತ್ತು ಮೂರೇ ಚೆಂಡು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳಿಸುವುದರೊಳಗೆ ಮನೆಯ ಹೆಂಗಸರಿಗೆ ಬೇರೆ ಯೋಚನೆಗೆ ಬಿಡುವಿಲ್ಲ. ಹಣ ಬಂತೋ ಇಲ್ಲವೋ ಎಂಬುದು ಸಂಜೆಯ ಮಾತು.

ಐದಾರು ಮನೆಯವರು ಸೇರಿ ಒಬ್ಬರ ಕೈಯಲ್ಲೇ ಹೂ ಕಳಿಸುವುದಾದರೆ ಲೆಕ್ಕ ಇನ್ನಷ್ಟು ತೊಡಕು. ಹಣ ದಿನದಿನಕ್ಕೆ ಬರದೆ ವಾರಕ್ಕೊಮ್ಮೆ ಬಂದರೆ ಯಾವ ಮನೆಗೆ ಯಾವ ದಿನದ್ದು ಬಾಕಿ ಎಂದು ಹುಡುಕುವುದೇ ಒಂದು ಕೆಲಸ. ಈಗ ಎಲ್ಲರ ಕೈಯಲ್ಲೂ ಫೋನಿದೆ. ಒಂದೇ ಸ್ಪ್ರೆಡ್‌ಶೀಟನ್ನು ಎಲ್ಲರೂ ತೆರೆದು ಬರೆಯಬಹುದು. ಆದರೆ ಆರು ಜನ ಬರೆಯುವ ಪುಸ್ತಕಕ್ಕೆ ಆರು ಬಗೆಯ ತಪ್ಪು ಬರುತ್ತದೆ. ಆ ತಪ್ಪುಗಳ ನಡುವೆಯೂ ಬಾಕಿ ಸಾಲುಗಳು ತಾವಾಗಿ ಎದ್ದು ಕಾಣುವಂತೆ ಮಾಡುವುದು ಹೇಗೆ? ಇಲ್ಲಿ ಹೇಳುವುದು ಅದನ್ನು.

ಇಲ್ಲಿ ಹೇಳುವ ಕ್ರಮ ಗೂಗಲ್ ಶೀಟ್ಸ್‌ನದ್ದು. ಸೂತ್ರ ಹಾಕುವ ಕೆಲಸವನ್ನು ಒಮ್ಮೆ ಕಂಪ್ಯೂಟರಿನಲ್ಲಿ ಮಾಡಿಕೊಂಡರೆ ಒಳ್ಳೆಯದು. ಆಮೇಲೆ ದಿನದ ಬರವಣಿಗೆಗೆ ಫೋನು ಸಾಕು.

"ಬಾಕಿ" ಎಂದು ಬರೆದರೆ ಬಾಕಿ ಸಿಗುವುದಿಲ್ಲ

ಸಾಮಾನ್ಯವಾಗಿ ಎಲ್ಲರೂ ಮಾಡುವುದು ಹೀಗೆ. ಕೊನೆಯಲ್ಲಿ ಒಂದು ಕಾಲಂ ಇಟ್ಟು ಅದರಲ್ಲಿ "ಬಾಕಿ" ಅಥವಾ "ಕೊಟ್ಟಿದೆ" ಎಂದು ಬರೆಯುವುದು. ಮತ್ತೆ "ಬಾಕಿ" ಎಂದಿರುವ ಸಾಲುಗಳನ್ನು ಮಾತ್ರ ತೋರಿಸು ಎಂದು ಸೂತ್ರ ಹಾಕುವುದು. ಒಬ್ಬರೇ ಬರೆಯುವಾಗ ಇದು ನಡೆಯುತ್ತದೆ. ಆರು ಜನ ಬರೆಯುವಾಗ ನಡೆಯುವುದಿಲ್ಲ.

ಆರು ಮನೆಯ ಒಂದು ಗುಂಪನ್ನು ಎದುರಿಗಿಟ್ಟು ನೋಡೋಣ. ಮನೆಗಳಿಗೆ ಗುಡ್ಡೆಮನೆ, ಬೈಲುಮನೆ, ಹೊಸಮನೆ, ಪಡುಮನೆ, ಕೆಳಮನೆ, ತೋಟದಮನೆ ಎಂದು ಹೆಸರಿಟ್ಟುಕೊಳ್ಳೋಣ. ದರವೂ ಲೆಕ್ಕ ಸುಲಭವಾಗಲೆಂದು ಇಟ್ಟದ್ದು, ಮಾರುಕಟ್ಟೆಯದ್ದಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ದರ ಅಟ್ಟೆಯ ಮೇಲೆ. ಇದು ನಿಮಗೆಲ್ಲ ಗೊತ್ತಿರುವುದೇ. ಏಪ್ರಿಲ್ ಮೊದಲ ವಾರದ ಆರು ಸಾಲು ಹೀಗಿವೆ ಎಂದುಕೊಳ್ಳಿ.

| ತಾರೀಕು | ಮನೆ | ಅಟ್ಟೆ | ಚೆಂಡು | ದರ | ಮೊತ್ತ | ಬರೆದದ್ದು |
|---|---|---|---|---|---|---|
| ಏ. 2 | ಗುಡ್ಡೆಮನೆ | 1 | 2 | 800 | 1200 | ಕೊಟ್ಟಿದೆ |
| ಏ. 2 | ಬೈಲುಮನೆ | 0 | 3 | 800 | 600 | ಬಾಕಿ |
| ಏ. 3 | ಪಡುಮನೆ | 2 | 0 | 640 | 1280 | ಕೊಟ್ಟಿದೆ |
| ಏ. 3 | ಗುಡ್ಡೆಮನೆ | 1 | 1 | 640 | 800 | ಬಾಕಿ ಉಂಟು |
| ಏ. 4 | ಹೊಸಮನೆ | 1 | 3 | 720 | 1260 | (ಖಾಲಿ) |
| ಏ. 4 | ಬೈಲುಮನೆ | 1 | 0 | 720 | 720 | ಬಾಕಿ, ಕೊನೆಗೊಂದು ಖಾಲಿ ಜಾಗ |

ಕಣ್ಣಿಗೆ ನಾಲ್ಕು ಸಾಲು ಬಾಕಿ ಇವೆ. ಒಟ್ಟು 3380 ರೂಪಾಯಿ. ಆದರೆ "ಬಾಕಿ" ಎಂದಿರುವುದನ್ನು ಹುಡುಕು ಎಂದರೆ ಸೂತ್ರ ಹೆಕ್ಕುವುದು ಒಂದೇ ಸಾಲು, 600 ರೂಪಾಯಿ. "ಬಾಕಿ ಉಂಟು" ಎಂಬುದು ಅದಕ್ಕೆ ಬೇರೆಯೇ ಶಬ್ದ. ಖಾಲಿ ಬಿಟ್ಟದ್ದು ಲೆಕ್ಕಕ್ಕಿಲ್ಲ. ಕೊನೆಯ ಸಾಲಿನದ್ದಂತೂ ಯಾರ ಕಣ್ಣಿಗೂ ಬೀಳದ ತಪ್ಪು. ಫೋನಿನ ಕೀಲಿಮಣೆ ಮೇಲೆ ತೋರಿಸುವ ಶಬ್ದವನ್ನು ಒತ್ತಿದರೆ ಅದು ಹಿಂದಿನಿಂದ ಒಂದು ಖಾಲಿ ಜಾಗವನ್ನೂ ಸೇರಿಸಿಬಿಡುತ್ತದೆ. ನಮಗೆ ಎರಡೂ "ಬಾಕಿ". ಸೂತ್ರಕ್ಕೆ ಎರಡೂ ಒಂದೇ ಅಲ್ಲ.

ಹೀಗೆ 2780 ರೂಪಾಯಿ ಪಟ್ಟಿಯಿಂದ ಹೊರಗೆ ಉಳಿಯಿತು. ಇದರಲ್ಲಿ ಕೆಟ್ಟದ್ದು ಏನೆಂದರೆ, ಪಟ್ಟಿ ನೋಡಿದವರಿಗೆ ಏನೂ ತಪ್ಪಾದಂತೆ ಕಾಣುವುದಿಲ್ಲ. "ನನ್ನದು ಬರಲಿಲ್ಲ ಮಾರಾಯ್ರೆ" ಎಂದು ಹೊಸಮನೆಯ ಅಕ್ಕ ಕೇಳಿದರೆ, "ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ" ಎಂಬ ಉತ್ತರ ಬರುತ್ತದೆ. ಆಗ ಮಾತಿಗೆ ಮಾತು ಬೆಳೆಯುತ್ತದೆ.

ಬಾಕಿ ಬರೆಯಬೇಡಿ, ಮುಟ್ಟಿದ ತಾರೀಕು ಬರೆಯಿರಿ

ಇದಕ್ಕೆ ಮದ್ದು ಎಲ್ಲರಿಗೂ ಒಂದೇ ರೀತಿ ಬರೆಯಿರಿ ಎಂದು ಹೇಳುವುದಲ್ಲ. ಪ್ರಶ್ನೆಯನ್ನೇ ತಿರುಗಿಸಬೇಕು. "ಬಾಕಿ" ಎಂಬ ಶಬ್ದವನ್ನು ಯಾರೂ ಬರೆಯುವುದೇ ಬೇಡ. ಅದರ ಬದಲು "ಹಣ ಮುಟ್ಟಿದ ತಾರೀಕು" ಎಂದು ಒಂದು ಕಾಲಂ ಇಡಿ. ಅಲ್ಲಿ ಸರಿಯಾದ ತಾರೀಕು ಇದ್ದರೆ ಮಾತ್ರ ಹಣ ಮುಟ್ಟಿದೆ. ಉಳಿದದ್ದು ಏನೇ ಇರಲಿ, ಖಾಲಿ ಇರಲಿ, "ಆಯ್ತು" ಎಂದಿರಲಿ, ಬರೇ ಒಂದು ಖಾಲಿ ಜಾಗ ಇರಲಿ, ಅದು ಬಾಕಿಯೇ.

ಹೀಗೆ ಮಾಡಿದರೆ ತಪ್ಪು ಆಗುವುದು ನಿಲ್ಲುವುದಿಲ್ಲ. ಆದರೆ ತಪ್ಪಿದ ಸಾಲು ಮರೆಯಾಗುವ ಬದಲು ಬಾಕಿ ಪಟ್ಟಿಗೆ ಬಂದು ಕೂರುತ್ತದೆ. ಪಟ್ಟಿಯಲ್ಲಿ ಕಂಡದ್ದನ್ನು ಯಾರಾದರೂ ಕೇಳುತ್ತಾರೆ, ತಿದ್ದುತ್ತಾರೆ. ಕಾಣದ್ದನ್ನು ಕೇಳುವವರಿಲ್ಲ.

ತಾರೀಕು ಬರೆಯಬೇಕಾದವರು ಯಾರು? ಹಣ ಕೊಟ್ಟವರಲ್ಲ, ಹಣ ಕೈಗೆ ಬಂದ ಮನೆಯವರು. ಕೊಟ್ಟವರೇ ಬರೆದರೆ, ತಪ್ಪಿ ಬೇರೆ ಮನೆಯ ಸಾಲಿನಲ್ಲಿ ತಾರೀಕು ಬಿದ್ದರೂ ಆ ಮನೆಗೆ ಗೊತ್ತಾಗುವುದು ತಡವಾಗಿ. ಮುಟ್ಟಿದವರೇ ಬರೆಯುವ ಕ್ರಮವಾದರೆ, ಹಣ ಬಾರದೆ ಯಾರೂ ತಾರೀಕು ಬರೆಯುವುದಿಲ್ಲ. ಬರೆಯಲು ಮರೆತರೆ ಸಾಲು ಬಾಕಿಯಲ್ಲೇ ಉಳಿಯುತ್ತದೆ. ಆಗ ಹಣ ಕೊಟ್ಟವರು ಬಿಡುವುದಿಲ್ಲ, "ಏಳನೇ ತಾರೀಕಿಗೆ ಕೊಟ್ಟಿದ್ದೇನಲ್ಲ" ಎಂದು ಕೇಳಿಯೇ ಕೇಳುತ್ತಾರೆ. ಎರಡೂ ಕಡೆಯಲ್ಲಿ ಕಾಯುವವರು ಇದ್ದಂತಾಯಿತು.

ಮನೆಗೊಂದು ಪಾತಿ

ಇನ್ನು ಹಾಳೆಯನ್ನು ಕಟ್ಟುವ ಕ್ರಮ. ಎಲ್ಲರೂ ಕೆಳಗೆ ಕೆಳಗೆ ಬರೆಯುತ್ತ ಹೋದರೆ ಒಂದು ತೊಂದರೆ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರಿಗೂ ಏಳನೇ ಸಾಲು ಖಾಲಿ ಕಾಣುತ್ತದೆ. ಇಬ್ಬರೂ ಅಲ್ಲೇ ಬರೆಯುತ್ತಾರೆ. ಒಂದೇ ಚೌಕಕ್ಕೆ ಇಬ್ಬರು ಬರೆದರೆ ಕೊನೆಗೆ ಬಂದದ್ದು ಮಾತ್ರ ಉಳಿಯುತ್ತದೆ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಇದು ಇನ್ನೂ ಹೆಚ್ಚು. ತೋಟದಲ್ಲಿ ಬರೆದದ್ದು ಫೋನಿನಲ್ಲೇ ಕೂತು, ಸಿಗ್ನಲ್ ಸಿಕ್ಕಿದ ಮೇಲೆ ಹೋಗಿ ಇನ್ನೊಬ್ಬರ ಬರಹದ ಮೇಲೆ ಬೀಳಬಹುದು.

ಆದ್ದರಿಂದ ತಿಂಗಳ ಮೊದಲೇ ಮನೆಮನೆಗೆ ಪಾತಿ ಮಾಡಿದ ಹಾಗೆ ಸಾಲುಗಳನ್ನು ಹಂಚಿಬಿಡಿ. ಏಪ್ರಿಲಿಗೆ 30 ದಿನ. ದಿನಕ್ಕೊಂದು ಸಾಲಿನಂತೆ ಮನೆಗೆ 30 ಸಾಲು, ಆರು ಮನೆಗೆ 180. ಮೇಲಿನ ಒಂದು ಸಾಲು ತಲೆಬರಹಕ್ಕೆ. ಹಾಗಾಗಿ ಗುಡ್ಡೆಮನೆಗೆ 2ರಿಂದ 31, ಬೈಲುಮನೆಗೆ 32ರಿಂದ 61, ಹೊಸಮನೆಗೆ 62ರಿಂದ 91. ಹೀಗೆಯೇ ಮುಂದುವರಿದು ಕೊನೆಯ ತೋಟದಮನೆಗೆ 152ರಿಂದ 181. ಕ್ರಮಸಂಖ್ಯೆ, ತಾರೀಕು, ಮನೆಯ ಹೆಸರು ಮೂರನ್ನೂ ಲೆಕ್ಕ ನೋಡಿಕೊಳ್ಳುವವರು ಮೊದಲೇ ತುಂಬಿಸಿಡಬೇಕು. ಹಾಳೆಗೆ "ಏಪ್ರಿಲ್" ಎಂದು ಹೆಸರು ಕೊಡಿ.

ಕಾಲಂಗಳು ಹೀಗೆ: `A` ಕ್ರಮಸಂಖ್ಯೆ, `B` ತಾರೀಕು, `C` ಮನೆ, `D` ಅಟ್ಟೆ, `E` ಚೆಂಡು, `F` ದರ, `G` ಮೊತ್ತ, `H` ಹಣ ಮುಟ್ಟಿದ ತಾರೀಕು, `I` ಷರಾ. ಮನೆಯವರು ಬರೆಯಬೇಕಾದದ್ದು `D`, `E`, `H`, ಬೇಕಿದ್ದರೆ `I`. ಅಷ್ಟೆ. ಮೂರು ಚೌಕದ ಕೆಲಸ ಹೂ ಕಟ್ಟಿದ ಕೈಗೂ ಭಾರವಲ್ಲ.

ದರವನ್ನು ಪ್ರತಿ ಮನೆಯವರೂ ಬರೆಯುವುದು ಬೇಡ. ಒಂದೇ ದಿನಕ್ಕೆ ಒಬ್ಬರು 640 ಎಂದೂ ಇನ್ನೊಬ್ಬರು 460 ಎಂದೂ ಬರೆಯಲು ಅದು ದಾರಿ. "ದರ" ಎಂದು ಬೇರೆ ಹಾಳೆ ಮಾಡಿ. ಅದರ ಮೊದಲ ಕಾಲಂನಲ್ಲಿ ತಾರೀಕು, ಎರಡನೆಯದರಲ್ಲಿ ಆ ದಿನದ ದರ. ಹೂ ಒಯ್ಯುವವರು ದಿನಕ್ಕೊಮ್ಮೆ ಅಲ್ಲಿ ಬರೆದರೆ ಸಾಕು. ಏಪ್ರಿಲ್ ಹಾಳೆಯ `F2`ರಲ್ಲಿ ಈ ಸೂತ್ರ ಹಾಕಿ:

```
=IFNA(VLOOKUP(B2,'ದರ'!A:B,2,FALSE),"")
```

`G2`ರಲ್ಲಿ ಮೊತ್ತಕ್ಕೆ:

```
=IF(F2="","",(D2+E2/4)*F2)
```

ಎರಡನ್ನೂ 181ನೇ ಸಾಲಿನವರೆಗೆ ಎಳೆಯಿರಿ. ಮೊದಲನೆಯದು ಆ ತಾರೀಕಿನ ದರವನ್ನು ಹುಡುಕಿ ತರುತ್ತದೆ. ಎರಡನೆಯದು ಚೆಂಡನ್ನು ನಾಲ್ಕರಿಂದ ಭಾಗಿಸಿ ಅಟ್ಟೆಗೆ ಸೇರಿಸಿ ದರದಿಂದ ಗುಣಿಸುತ್ತದೆ. ಗುಡ್ಡೆಮನೆಯ ಏಪ್ರಿಲ್ 3ರ 1 ಅಟ್ಟೆ 1 ಚೆಂಡು ಎಂದರೆ ಒಂದೂಕಾಲು ಅಟ್ಟೆ. 640ರಂತೆ 800 ರೂಪಾಯಿ.

ಬಾಕಿ ಹೆಕ್ಕುವ ಸೂತ್ರ

ಈಗ "ಬಾಕಿ" ಎಂದು ಮೂರನೇ ಹಾಳೆ ತೆರೆಯಿರಿ. ಮೂರನೇ ಸಾಲಿನಲ್ಲಿ ಏಪ್ರಿಲ್ ಹಾಳೆಯ ತಲೆಬರಹಗಳನ್ನೇ ಅದೇ ಕ್ರಮದಲ್ಲಿ ಬರೆಯಿರಿ. ಅದರ ಕೆಳಗೆ `A4`ರಲ್ಲಿ ಈ ಒಂದು ಸೂತ್ರ ಸಾಕು:

```
=IFNA(FILTER('ಏಪ್ರಿಲ್'!A2:I181,
 'ಏಪ್ರಿಲ್'!D2:D181&'ಏಪ್ರಿಲ್'!E2:E181<>"",
 ISNUMBER('ಏಪ್ರಿಲ್'!H2:H181)=FALSE),
 "ಬಾಕಿ ಇಲ್ಲ")
```

ನೋಡಲು ಉದ್ದ, ಅರ್ಥ ಸುಲಭ. `FILTER` ಎಂದರೆ ಗಾಳಿಸುವ ಜರಡಿ. ಮೊದಲು ಯಾವ ರಾಶಿ ಎಂದು ಹೇಳಬೇಕು: ಏಪ್ರಿಲ್ ಹಾಳೆಯ 2ರಿಂದ 181ರವರೆಗಿನ ಎಲ್ಲ ಸಾಲು. ಆಮೇಲೆ ಎರಡು ಶರ್ತ. ಒಂದು, ಅಟ್ಟೆ ಅಥವಾ ಚೆಂಡು, ಎರಡರಲ್ಲಿ ಒಂದಾದರೂ ಬರೆದಿರಬೇಕು. ಹೂ ಕಳಿಸದ ದಿನದ ಸಾಲು ಇದರಿಂದ ಬಿಟ್ಟುಹೋಗುತ್ತದೆ. ಎರಡು, `H` ಕಾಲಂನಲ್ಲಿ ಸರಿಯಾದ ತಾರೀಕು ಇರಬಾರದು. ಸ್ಪ್ರೆಡ್‌ಶೀಟಿನ ಒಳಗೆ ತಾರೀಕು ಎಂದರೆ ಒಂದು ಸಂಖ್ಯೆ. ಹಾಗಾಗಿ "ಸಂಖ್ಯೆಯೋ?" ಎಂದು ಕೇಳಿ, "ಅಲ್ಲ" ಎಂಬುದನ್ನೆಲ್ಲ ಹೆಕ್ಕುತ್ತೇವೆ. ಎರಡೂ ಶರ್ತಕ್ಕೆ ಒಪ್ಪಿದ ಸಾಲು ಮಾತ್ರ ಈ ಹಾಳೆಯಲ್ಲಿ ಕಾಣುತ್ತದೆ.

ನಾಲ್ಕೂ ಕಡೆ 2ರಿಂದ 181 ಎಂದೇ ಇರಬೇಕು. ಒಂದು ಕಡೆ 180 ಎಂದಾದರೆ ರಾಶಿಯ ಉದ್ದ ಹೊಂದದೆ ಸೂತ್ರ ಕೆಲಸ ಮಾಡುವುದಿಲ್ಲ.

ನಮ್ಮ ಆರು ಸಾಲಿಗೆ ಹಚ್ಚಿ ನೋಡಿ. ಗುಡ್ಡೆಮನೆಯ ಏಪ್ರಿಲ್ 2ರ ಸಾಲು ಮತ್ತು ಪಡುಮನೆಯ ಏಪ್ರಿಲ್ 3ರ ಸಾಲು, ಎರಡರಲ್ಲೂ `H` ಕಾಲಂನಲ್ಲಿ ಏಪ್ರಿಲ್ 7 ಎಂದಿದೆ. ಇವು ಬರುವುದಿಲ್ಲ. ಗುಡ್ಡೆಮನೆಯ ಮತ್ತೊಂದು ಸಾಲು ಮತ್ತು ಬೈಲುಮನೆಯ ಏಪ್ರಿಲ್ 2ರದ್ದು ಖಾಲಿ, ಬರುತ್ತವೆ. ಹೊಸಮನೆಯವರು "ಆಯ್ತು" ಎಂದು ಬರೆದಿದ್ದಾರೆ ಎಂದುಕೊಳ್ಳಿ. ಹೂ ಕೊಟ್ಟಾಯ್ತೋ, ಹಣ ಬಂದಾಯ್ತೋ ಯಾರಿಗೆ ಗೊತ್ತು? ಅದೂ ಬರುತ್ತದೆ. ಬೈಲುಮನೆಯ ಕೊನೆಯ ಸಾಲಿನಲ್ಲಿ ಬರೇ ಖಾಲಿ ಜಾಗ ಒತ್ತಿದ್ದಾರೆ, ಅದೂ ಬರುತ್ತದೆ. ನಾಲ್ಕು ಸಾಲು, 3380 ರೂಪಾಯಿ. ಒಂದೂ ಜಾರಲಿಲ್ಲ.

ಯಾವ ಸಾಲೂ ಬಾಕಿ ಇಲ್ಲದಾಗ `FILTER` ಸುಮ್ಮನಿರುವುದಿಲ್ಲ, `#N/A` ಎಂದು ತೋರಿಸುತ್ತದೆ. ನೋಡಿದವರಿಗೆ ಗಾಬರಿ ಬೇಡವೆಂದು ಹೊರಗಿನಿಂದ `IFNA` ಹಾಕಿದ್ದು. ಕೆಲವರು ಈ ಜಾಗದಲ್ಲಿ `IFERROR` ಹಾಕುತ್ತಾರೆ. ಇಲ್ಲಿ ಅದು ಬೇಡ. ಅದು ಎಲ್ಲ ಬಗೆಯ ದೋಷವನ್ನೂ ಮುಚ್ಚಿ "ಬಾಕಿ ಇಲ್ಲ" ಎಂದೇ ತೋರಿಸುತ್ತದೆ. ಸೂತ್ರ ಮುರಿದು ಬಿದ್ದದ್ದೂ, ನಿಜಕ್ಕೂ ಬಾಕಿ ಇಲ್ಲದ್ದೂ ಒಂದೇ ರೀತಿ ಕಂಡರೆ ನಂಬುವುದು ಹೇಗೆ?

ಬಾಕಿ ಹಾಳೆಯಲ್ಲಿ ಪೆನ್ನು ಹಚ್ಚಬೇಡಿ

ಬಾಕಿ ಹಾಳೆ ಕನ್ನಡಿ ಇದ್ದ ಹಾಗೆ. ಅಲ್ಲಿ ಕಾಣುವುದು ಏಪ್ರಿಲ್ ಹಾಳೆಯ ಬಿಂಬ ಮಾತ್ರ. ಕನ್ನಡಿಯ ಮೇಲೆ ಕುಂಕುಮ ಇಟ್ಟರೆ ಹಣೆಗೆ ಹತ್ತುವುದಿಲ್ಲ.

ಅಲ್ಲಿ ಪಟ್ಟಿ ಹರಡುವ ಜಾಗದಲ್ಲಿ ಯಾರಾದರೂ ಏನಾದರೂ ಬರೆದರೆ ಇಡೀ ಪಟ್ಟಿ ಮಾಯವಾಗಿ `A4`ರಲ್ಲಿ `#REF!` ಎಂದು ಬರುತ್ತದೆ. ಬರೆದದ್ದನ್ನು ಅಳಿಸಿದರೆ ಪಟ್ಟಿ ಮತ್ತೆ ಬರುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು, ಅಷ್ಟು ಹೆದರಬೇಕಿಲ್ಲ.

ಹೆದರಬೇಕಾದದ್ದು ಪಕ್ಕದಲ್ಲಿ ಬರೆಯುವ ಟಿಪ್ಪಣಿಗೆ. ಪಟ್ಟಿಯ ಆಚೆ, `J` ಕಾಲಂನಲ್ಲಿ, ಹೊಸಮನೆಯ ಸಾಲಿಗೆ ನೇರವಾಗಿ "ಸೋಮವಾರ ಕೊಡುವುದಾಗಿ ಹೇಳಿದ್ದಾರೆ" ಎಂದು ಬರೆದಿರಿ ಎನ್ನಿ. ಮರುದಿನ ಗುಡ್ಡೆಮನೆಗೆ ಹಣ ಮುಟ್ಟಿ ಅದರ ಸಾಲು ಪಟ್ಟಿಯಿಂದ ಹೋಗುತ್ತದೆ. ಕೆಳಗಿನ ಸಾಲುಗಳು ಒಂದೊಂದು ಮೇಲೆ ಬರುತ್ತವೆ. ನಿಮ್ಮ ಟಿಪ್ಪಣಿ ಮಾತ್ರ ಇದ್ದಲ್ಲೇ ಇರುತ್ತದೆ. ಈಗ ಅದು ಬೇರೆ ಯಾರದೋ ಸಾಲಿನ ಎದುರು, ಇಲ್ಲವೇ ಖಾಲಿ ಜಾಗದಲ್ಲಿ. ಓದಿದವರಿಗೆ ಅನುಮಾನವೇ ಬರುವುದಿಲ್ಲ. ಹೇಳಬೇಕಾದ್ದನ್ನು ಏಪ್ರಿಲ್ ಹಾಳೆಯ ಷರಾ ಕಾಲಂನಲ್ಲಿ ಬರೆಯಿರಿ. ಅದು ಸಾಲಿನ ಜತೆಯಲ್ಲೇ ಬಾಕಿ ಪಟ್ಟಿಗೂ ಬರುತ್ತದೆ. ಅರ್ಧ ಹಣ ಬಂದರೂ ಷರಾದಲ್ಲೇ ಬರೆಯುವುದು. ಪೂರ್ತಿ ಮುಟ್ಟುವವರೆಗೆ ತಾರೀಕಿನ ಚೌಕ ಖಾಲಿ ಇರಲಿ.

ಸೂತ್ರ ಯಾಕೆ, ಮೇಲೆ ಆಲಿಕೆಯಂಥ ಚಿತ್ರದ ಫಿಲ್ಟರ್ ಗುಂಡಿ ಇದೆಯಲ್ಲ ಎಂದು ಕೇಳಬಹುದು. ಹಂಚಿಕೊಂಡ ಹಾಳೆಯಲ್ಲಿ ಆ ಗುಂಡಿ ಒತ್ತಿದರೆ ಬರೆಯುವ ಹಕ್ಕಿರುವ ಎಲ್ಲರ ಫೋನಿನಲ್ಲೂ ಸಾಲುಗಳು ಅಡಗುತ್ತವೆ. ಗುಡ್ಡೆಮನೆಯವರು ತಮ್ಮದನ್ನಷ್ಟೇ ನೋಡಲು ಹೋದರೆ ಪಡುಮನೆಯವರಿಗೆ ತಮ್ಮ ಸಾಲೇ ಕಾಣದು. ಯಾರಿಗಾದರೂ ತಮ್ಮ ಮನೆಯದ್ದು ಮಾತ್ರ ನೋಡಬೇಕಿದ್ದರೆ ಕಂಪ್ಯೂಟರಿನಲ್ಲಿ `Data` ಪಟ್ಟಿಯಲ್ಲಿರುವ `Create filter view` ಬಳಸಲಿ. ಅದು ಇನ್ನೊಬ್ಬರ ನೋಟವನ್ನು ಕದಡುವುದಿಲ್ಲ.

ಬೇಲಿ ಎರಡು

ಮೊದಲನೇ ಬೇಲಿ ಚೌಕಕ್ಕೆ. `D`, `E`, `H` ಕಾಲಂಗಳನ್ನು ಹಿಡಿದು `Data`, `Data validation` ಎಂಬಲ್ಲಿ ನಿಯಮ ಹಾಕಿ. ಅಟ್ಟೆಗೆ ಸಂಖ್ಯೆ ಮಾತ್ರ. ಚೆಂಡಿಗೆ 0ರಿಂದ 3, ನಾಲ್ಕಾದರೆ ಅದು ಅಟ್ಟೆ ಆಯಿತಲ್ಲ. `H`ಗೆ ಸರಿಯಾದ ತಾರೀಕು ಮಾತ್ರ. ಕೆಳಗೆ `Reject the input` ಎಂಬುದನ್ನು ಆರಿಸಬೇಕು. ಇಲ್ಲವಾದರೆ ಎಚ್ಚರಿಕೆ ಕೊಟ್ಟು ಒಳಗೆ ಬಿಟ್ಟುಬಿಡುತ್ತದೆ. ದರದ ಹಾಳೆಗೂ ಇದೇ ನಿಯಮ ಹಾಕಿ. ನಮ್ಮಲ್ಲಿ "720/-" ಎಂದು ಬರೆಯುವ ಅಭ್ಯಾಸ ಕೈಗೆ ಹತ್ತಿದೆ. ಸ್ಪ್ರೆಡ್‌ಶೀಟಿಗೆ ಅದು ಸಂಖ್ಯೆಯಲ್ಲ, ಅಕ್ಷರ. ಅದರಿಂದ ಗುಣಿಸಲು ಹೋದರೆ `#VALUE!` ಎಂದು ಬರುತ್ತದೆ.

ಈ ಬೇಲಿಗೆ ಒಂದು ಕಿಂಡಿ ಇದೆ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದರೆ ನಿಯಮ ತಡೆಯದೇ ಇರಬಹುದು. ಅದಕ್ಕೇ ಸೂತ್ರದಲ್ಲೂ "ತಾರೀಕಲ್ಲದ್ದೆಲ್ಲ ಬಾಕಿ" ಎಂದು ಇಟ್ಟದ್ದು. ಬೇಲಿ ಹಾರಿ ಬಂದದ್ದು ಜರಡಿಯಲ್ಲಿ ಸಿಗುತ್ತದೆ.

ತಾರೀಕಿನ ಬಗ್ಗೆ ಇನ್ನೊಂದು ಮಾತು. `File`, `Settings` ಎಂಬಲ್ಲಿ `Locale` ಭಾರತ ಎಂದಿದೆಯೋ ನೋಡಿ. ಅಮೆರಿಕ ಎಂದಿದ್ದರೆ ತಿಂಗಳು ಮೊದಲು, ದಿನ ಆಮೇಲೆ. ಆಗ 7/4 ಎಂದು ಬರೆದದ್ದು ಜುಲೈ 4 ಆಗುತ್ತದೆ. 13/4 ಎಂದರೆ ಹದಿಮೂರನೇ ತಿಂಗಳು ಇಲ್ಲದ ಕಾರಣ ತಾರೀಕೇ ಆಗುವುದಿಲ್ಲ. ಗುರುತು ಸುಲಭ: ಸರಿಯಾದ ತಾರೀಕು ಚೌಕದ ಬಲಕ್ಕೆ ಒರಗಿರುತ್ತದೆ, ಅಕ್ಷರವಾದದ್ದು ಎಡಕ್ಕೆ.

ಎರಡನೇ ಬೇಲಿ ಪಾತಿಗೆ. `Data`, `Protect sheets and ranges` ಎಂಬಲ್ಲಿ ಪ್ರತಿ ಮನೆಯ ಪಾತಿಯ `D`, `E`, `H`, `I` ಚೌಕಗಳನ್ನು ಆ ಮನೆಯವರ ಖಾತೆಗೆ ಮಾತ್ರ ತೆರೆದಿಡಿ. ಕ್ರಮಸಂಖ್ಯೆ, ತಾರೀಕು, ಮನೆ, ದರ, ಮೊತ್ತದ ಕಾಲಂಗಳು, ಬಾಕಿ ಹಾಳೆ ಪೂರ್ತಿ, ಇವು ಲೆಕ್ಕ ನೋಡಿಕೊಳ್ಳುವವರ ಕೈಯಲ್ಲಿರಲಿ. ಇದಕ್ಕೆ ಪ್ರತಿ ಮನೆಗೂ ಅವರವರ ಜಿಮೇಲ್ ವಿಳಾಸದಿಂದಲೇ ಹಾಳೆ ಹಂಚಬೇಕು. ಲಿಂಕ್ ಸಿಕ್ಕಿದ ಯಾರೂ ಬರೆಯಬಹುದು ಎಂದು ಬಿಟ್ಟರೆ ಬರೆದವರು ಯಾರು ಎಂಬುದೇ ತಿಳಿಯದು.

ಹೀಗೆ ಪಾತಿ ಹಂಚಿದರೆ ನೆಟ್‌ವರ್ಕ್ ಇಲ್ಲದಲ್ಲಿ ಬರೆದದ್ದು ತಡವಾಗಿ ಬಂದರೂ ಇನ್ನೊಬ್ಬರ ಬರಹಕ್ಕೆ ತಾಗುವುದಿಲ್ಲ. ಆದರೆ ಒಂದೇ ಮನೆಯಲ್ಲಿ ಎರಡು ಫೋನಿನಿಂದ ಬರೆಯುವುದು ಬೇಡ. ಅತ್ತೆ ಒಂದರಲ್ಲಿ, ಸೊಸೆ ಒಂದರಲ್ಲಿ ಬರೆದರೆ ಮತ್ತೆ ಅದೇ ಕತೆ.

ದಿನಕ್ಕೊಮ್ಮೆ ನೋಡುವ ಒಂದು ಸೊನ್ನೆ

ಇಷ್ಟೆಲ್ಲ ಮಾಡಿದ ಮೇಲೂ ಪಟ್ಟಿ ಸರಿ ಇದೆ ಎಂದು ತಿಳಿಯುವುದು ಹೇಗೆ? ತಿಂಗಳ ಒಟ್ಟು ಮೊತ್ತದಿಂದ ಮುಟ್ಟಿದ್ದನ್ನು ಕಳೆದು, ಬಾಕಿ ಪಟ್ಟಿಯ ಮೊತ್ತವನ್ನೂ ಕಳೆದರೆ ಸೊನ್ನೆ ಉಳಿಯಬೇಕು. ಬಾಕಿ ಹಾಳೆಯ `B1`ರಲ್ಲಿ ಇದನ್ನು ಹಾಕಿ:

```
=SUM('ಏಪ್ರಿಲ್'!G2:G)
 -SUMIF('ಏಪ್ರಿಲ್'!H2:H,">0",'ಏಪ್ರಿಲ್'!G2:G)
 -SUM(G4:G)
```

ನಮ್ಮ ಆರು ಸಾಲಿನಲ್ಲಿ ಒಟ್ಟು 5860. ಮುಟ್ಟಿದ್ದು 1200 ಮತ್ತು 1280, ಸೇರಿ 2480. ಬಾಕಿ 3380. ಕಳೆದರೆ ಸೊನ್ನೆ.

ಈ ಸೂತ್ರದಲ್ಲಿ 181 ಎಂಬ ಗಡಿ ಇಲ್ಲದ್ದನ್ನು ಗಮನಿಸಿ. ಬೇಕೆಂದೇ ಬಿಟ್ಟದ್ದು. ಯಾರಾದರೂ 181ರ ಕೆಳಗೆ ಹೊಸ ಸಾಲು ಸೇರಿಸಿ ಮೊತ್ತ ಬರೆದರೆ ಜರಡಿಗೆ ಅದು ಸಿಗುವುದಿಲ್ಲ, ಈ ಲೆಕ್ಕಕ್ಕೆ ಸಿಗುತ್ತದೆ. ಸೊನ್ನೆಯ ಬದಲು ಆ ಮೊತ್ತವೇ ಬಂದು ನಿಲ್ಲುತ್ತದೆ. ಬಾಕಿ ಹಾಳೆ `#REF!` ಎಂದು ಮುರಿದಾಗಲೂ ಸೊನ್ನೆ ಇರುವುದಿಲ್ಲ. ಜರಡಿ ಮತ್ತು ತಕ್ಕಡಿ ಬೇರೆ ಬೇರೆ ಇದ್ದರೇ ಒಂದರ ತಪ್ಪನ್ನು ಇನ್ನೊಂದು ಹೇಳೀತು.

ಸೊನ್ನೆ ಹೇಳದ ಸಂಗತಿಯೂ ಇದೆ. ಎರಡು ಅಟ್ಟೆ ಕಳಿಸಿ ಒಂದು ಎಂದು ಬರೆದರೆ, ಇಲ್ಲವೇ ಬರೆಯಲೇ ಮರೆತರೆ ಸೊನ್ನೆ ಹಾಗೆಯೇ ಇರುತ್ತದೆ. ಅದಕ್ಕೆ ಹೂ ಒಯ್ಯುವವರ ಚೀಟಿಯ ಜತೆ ವಾರಕ್ಕೊಮ್ಮೆ ತಾಳೆ ನೋಡುವುದೊಂದೇ ದಾರಿ. ಬಾಕಿ ಪಟ್ಟಿಯಲ್ಲಿ ಮೊತ್ತ ಖಾಲಿ ಇರುವ ಸಾಲು ಕಂಡರೆ ಆ ದಿನದ ದರ ಬರೆದಿಲ್ಲ ಎಂದು ಅರ್ಥ.

ತಕರಾರು ಬಂದಾಗ ಯಾರ ನೆನಪನ್ನೂ ನಂಬಬೇಕಿಲ್ಲ. ಕಂಪ್ಯೂಟರಿನಲ್ಲಿ ಆ ಚೌಕದ ಮೇಲೆ ಬಲಗುಂಡಿ ಒತ್ತಿ `Show edit history` ಎಂದರೆ ಯಾವ ಖಾತೆಯಿಂದ, ಯಾವಾಗ, ಮೊದಲು ಏನಿತ್ತು ಎಂಬುದು ಕಾಣುತ್ತದೆ. ಹಾಳೆಯೇ ಕೆಟ್ಟುಹೋದರೆ `File`, `Version history` ಎಂಬಲ್ಲಿ ಹಿಂದಿನ ದಿನದ ರೂಪಕ್ಕೆ ಮರಳಿಸಬಹುದು. ಆದರೆ ಮರಳಿಸಿದರೆ ಎಲ್ಲರ ಇವತ್ತಿನ ಬರಹವೂ ಹಿಂದೆ ಹೋಗುತ್ತದೆ. ಒಂದು ಚೌಕದ ತಪ್ಪಿಗೆ ಅದನ್ನು ಬಳಸಬೇಡಿ.

ತಿಂಗಳು ದಾಟುವಾಗ

ಮೇ ತಿಂಗಳಿಗೆ 31 ದಿನ. ಆರು ಮನೆಗೆ 186 ಸಾಲು, ಕೊನೆಯ ಸಾಲು 187. ಹೊಸ ಹಾಳೆ, ಅದಕ್ಕೆ ತಕ್ಕ ಸೂತ್ರ, ಬೇಲಿ ಎರಡೂ ಸರಿಯಾಗಿ ಕೂತಿವೆಯೋ ಎಂದು ಮತ್ತೊಮ್ಮೆ ನೋಡಬೇಕು. ಏಪ್ರಿಲಿನ ಬಾಕಿ ಹಾಳೆಯನ್ನು ಅಳಿಸಬೇಡಿ. ಅದರಲ್ಲಿ "ಬಾಕಿ ಇಲ್ಲ" ಎಂದು ಬರುವವರೆಗೆ ಏಪ್ರಿಲ್ ಮುಗಿದಿಲ್ಲ.

ಹಾಳೆಯನ್ನು ಎಕ್ಸೆಲ್‌ನಲ್ಲಿ ಮಾಡುವವರು ಗಮನಿಸಬೇಕು. 2019 ಮತ್ತು ಅದಕ್ಕಿಂತ ಹಳೆಯ ಎಕ್ಸೆಲ್‌ನಲ್ಲಿ `FILTER` ಇಲ್ಲ. 2021ರದ್ದರಲ್ಲಿ ಇದೆ, ಬರೆಯುವ ರೀತಿ ಮಾತ್ರ ತುಸು ಬೇರೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ಗೆ ಅದು ಬಂದದ್ದು 2024ರಲ್ಲಿ, 24.8ನೇ ಆವೃತ್ತಿಯಲ್ಲಿ.

ಮೊದಲ ತಿಂಗಳು ಹಳೆಯ ಚೀಟಿ ಪುಸ್ತಕವೂ ಜತೆಗಿರಲಿ. ತಿಂಗಳ ಕೊನೆಗೆ ಪುಸ್ತಕದ ಬಾಕಿ, ಹಾಳೆಯ ಬಾಕಿ ಎರಡನ್ನೂ ಮನೆಮನೆಯಂತೆ ಪಕ್ಕಪಕ್ಕ ಇಟ್ಟು ನೋಡಿ. ಹೊಂದದ ಸಾಲು ಯಾವುದು, ಯಾಕೆ ಹೊಂದಲಿಲ್ಲ ಎಂದು ಹುಡುಕಿದರೆ ನಿಮ್ಮ ಗುಂಪಿಗೆ ಯಾವ ಬೇಲಿ ಇನ್ನೂ ಬಿಗಿಯಾಗಬೇಕು ಎಂಬುದು ಗೊತ್ತಾಗುತ್ತದೆ.